ಷರತ್ತು ಅನ್ವಯ

ಕಳೆದ ದಸರಾ ಹೊತ್ತಿಗೆ ಒಂದು ಕಾಫಿಪುಡಿ ಅಂಗಡಿಗೆ ನಾನು ಕ್ಯಾಪ್ಷನ್ ಬರೆದುಕೊಟ್ಟಿದ್ದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮೂರು ಅಂಗಡಿ, ಜೊತೆಗೊಂದು ವೆಬ್‌ಸೈಟ್ ಇರುವ ಹಳೇ ಮನೆತನದ ವ್ಯಾಪಾರ ಅದು. ಹೆಸರು ಬೇಡ ಬಿಡಿ, ಅವರದು ತಪ್ಪು ಕಮ್ಮಿ, ನಂದೇ ಜಾಸ್ತಿ.

ಆಫರ್ ಸರಳವಾಗಿತ್ತು. ಒಂದು ಕೆಜಿ ಕೊಂಡರೆ ಕಾಲು ಕೆಜಿ ಉಚಿತ. ನಾನು ಬರೆದ ಕ್ಯಾಪ್ಷನ್ ಹೀಗೆ ಶುರುವಾಗುತ್ತಿತ್ತು: ‘ಹಬ್ಬದ ಮನೆಯಲ್ಲಿ ಮೊದಲು ಏಳೋದು ಯಾರು? ಅಮ್ಮ ಅಲ್ಲ, ಡಿಕಾಕ್ಷನ್ ಘಮ!’ ಆಮೇಲೆ ಎರಡು ಸಾಲು ಅದೇ ಥರದ ಒಗ್ಗರಣೆ. ಆಮೇಲೆ ಆಫರ್, ಅದರ ಪಕ್ಕ ಒಂದು ಪುಟ್ಟ ನಕ್ಷತ್ರ ಚಿಹ್ನೆ. ಅದಾದ ಮೇಲೆ ಹ್ಯಾಷ್‌ಟ್ಯಾಗುಗಳ ಮೆರವಣಿಗೆ. ಎಲ್ಲಕ್ಕಿಂತ ಕೆಳಗೆ, ಅಂಗಡಿಯ ವಕೀಲರು ಕಳಿಸಿದ್ದ 19 ಷರತ್ತುಗಳು, ಇಂಗ್ಲಿಷಿನಲ್ಲಿ, ಕಾಪಿ-ಪೇಸ್ಟ್. ಇನ್‌ಸ್ಟಾಗ್ರಾಮ್ ಒಂದು ಕ್ಯಾಪ್ಷನ್ನಿಗೆ 2,200 ಅಕ್ಷರ ಕೊಡುತ್ತೆ. ಅಷ್ಟರೊಳಗೆ ಎಲ್ಲವೂ ಹಿಡಿಯಿತಲ್ಲ ಅಂತ ಖುಷಿಪಟ್ಟಿದ್ದು ನನಗೆ ಇನ್ನೂ ನೆನಪಿದೆ.

ಆಫರಿನ ಎರಡನೇ ದಿನ ರೀಲ್ ಶೂಟ್ ಮಾಡೋಕೆ ಒಂದು ಅಂಗಡಿಗೆ ಹೋಗಿದ್ದೆ. ಗ್ರೈಂಡರ್ ಪಕ್ಕ ಫೋನ್ ಹಿಡಿದು ನಿಂತಿದ್ದಾಗ ಒಬ್ಬರು ಆಂಟಿ ಬಂದರು. ಅರವತ್ತು ದಾಟಿರಬಹುದು. ಕೈಯಲ್ಲಿ ಬಟ್ಟೆ ಚೀಲ. ಎರಡು ಬಸ್ ಬದಲಾಯಿಸಿಕೊಂಡು ಬಂದೆ ಅಂತ ಕೌಂಟರಿನ ಹುಡುಗನಿಗೆ ತಾವಾಗೇ ಹೇಳಿದರು. ‘ಒಂದು ಕೆಜಿ ಕೊಡಪ್ಪ, ಎಂಬತ್ತು-ಇಪ್ಪತ್ತು.’ ಅಂದರೆ ಎಂಬತ್ತು ಭಾಗ ಕಾಫಿ, ಇಪ್ಪತ್ತು ಭಾಗ ಚಿಕೋರಿ. ಹುಡುಗ ಬೀಜ ತೂಗಿ, ಪುಡಿ ಮಾಡಿ, ಚಿಕೋರಿ ಬೆರೆಸಿ, ಇನ್ನೂ ಬೆಚ್ಚಗಿರುವ ಪುಡಿಯನ್ನ ಕವರಿಗೆ ಹಾಕಿ ಸೀಲ್ ಮಾಡಿದ. ಬಿಲ್ ಕೊಟ್ಟ.

‘ಇನ್ನು ಕಾಲು ಕೆಜಿ?’

‘ಅದು ಪ್ಯೂರ್ ಕಾಫಿಗೆ ಮಾತ್ರ ಆಂಟಿ. ಚಿಕೋರಿ ಹಾಕಿದ್ದಕ್ಕೆ ಇಲ್ಲ.’

ಅವರು ಫೋನ್ ತೆಗೆದು ನನ್ನ ಪೋಸ್ಟ್ ತೋರಿಸಿದರು. ಹುಡುಗ ಅವರ ಫೋನಲ್ಲೇ ‘ಮೋರ್’ ಒತ್ತಿ, ಬೆರಳಿಂದ ಮೇಲೆ ತಳ್ಳುತ್ತಾ ತಳ್ಳುತ್ತಾ ಹನ್ನೊಂದನೇ ಷರತ್ತಿಗೆ ಬಂದು ನಿಲ್ಲಿಸಿದ. ಆಂಟಿ ಕನ್ನಡಕ ಹಾಕಿಕೊಂಡು ನೋಡಿದರು. ಓದಲಿಲ್ಲ, ನೋಡಿದರು ಅಷ್ಟೆ. ‘ಇದನ್ನ ಮೊದಲೇ ಹೇಳ್ಬೋದಿತ್ತಲ್ಲಪ್ಪ’ ಅಂದರು. ಜಗಳ ಆಡಲಿಲ್ಲ. ಪುಡಿ ಮಾಡಿಯಾಗಿತ್ತು, ವಾಪಸ್ ಕೊಡೋ ಹಾಗಿರಲಿಲ್ಲ. ದುಡ್ಡು ಕೊಟ್ಟು ಹೊರಟುಹೋದರು.

ಅದನ್ನ ಬರೆದವಳು ನಾನೇ ಅಂತ ಹೇಳೋ ಧೈರ್ಯ ನನಗೆ ಬರಲಿಲ್ಲ. ಗ್ರೈಂಡರ್ ಶೂಟ್ ಮಾಡುತ್ತಿರುವ ಹಾಗೆ ನಟಿಸಿದೆ.

ಆಮೇಲೆ ಆ ಹುಡುಗನನ್ನ ಕೇಳಿದೆ, ದಿನಕ್ಕೆ ಎಷ್ಟು ಜನಕ್ಕೆ ಹೀಗೆ ಹೇಳ್ತೀಯ ಅಂತ. ‘ಮೇಡಂ, ನಮ್ಮಲ್ಲಿ ಪ್ಯೂರ್ ತಗೊಳೋರು ಕಮ್ಮಿ. ಬಹಳಷ್ಟು ಜನ ಚಿಕೋರಿ ಹಾಕಿಸ್ಕೋತಾರೆ’ ಅಂದ. ಅಂದರೆ ನನ್ನ ಕ್ಯಾಪ್ಷನ್ನಿನ ತಲೆಯಲ್ಲಿದ್ದ ಮಾತು, ಆ ಅಂಗಡಿಗೆ ಬರುವ ಹೆಚ್ಚಿನವರ ಪಾಲಿಗೆ ಸುಳ್ಳು. ಅದು ಸುಳ್ಳು ಅಂತ ಹೇಳುತ್ತಿದ್ದದ್ದು ಹನ್ನೊಂದನೇ ಸಾಲು. ಚಿಕೋರಿ ಬೆರೆಸಿದ ಕಾಫಿಯ ಪ್ಯಾಕೆಟ್ಟಿನ ಮೇಲೆ ಕಾಫಿ ಎಷ್ಟು ಪರ್ಸೆಂಟ್, ಚಿಕೋರಿ ಎಷ್ಟು ಪರ್ಸೆಂಟ್ ಅಂತ ಎದ್ದು ಕಾಣುವಂತೆ ಅಚ್ಚು ಹಾಕಲೇಬೇಕು ಅಂತ ನಮ್ಮ ಆಹಾರ ಕಾನೂನು ಹೇಳುತ್ತೆ. ಪ್ಯಾಕೆಟ್ ಹೇಳಿದ್ದನ್ನ ನನ್ನ ಜಾಹೀರಾತು ಬಚ್ಚಿಟ್ಟಿತ್ತು.

ಮನೆಗೆ ಬಂದು ಆ ರಾತ್ರಿ ಸಿಸಿಪಿಎ ಮಾರ್ಗಸೂಚಿ ತೆಗೆದು ಓದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ್ದು, ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ. ಅದರಲ್ಲಿ ಡಿಸ್‌ಕ್ಲೈಮರ್ ಹೇಗಿರಬೇಕು ಅಂತ ಒಂದು ಭಾಗ ಇದೆ. ಈ ಕೆಲಸದಲ್ಲಿರುವ ಎಲ್ಲರೂ ಅದರ ಬಗ್ಗೆ ಕೇಳಿರುತ್ತೇವೆ, ಪೂರ್ತಿ ಓದಿದವರು ಕಮ್ಮಿ. ನಾನೂ ಓದಿರಲಿಲ್ಲ. ಅದರ ಪ್ರಕಾರ ಡಿಸ್‌ಕ್ಲೈಮರ್ ಅನ್ನೋದು ಮೇಲಿನ ಮಾತನ್ನ ವಿವರಿಸಬಹುದು, ಅದಕ್ಕೆ ವಿರುದ್ಧವಾಗಿ ಹೇಳುವಂತಿಲ್ಲ. ಮುಖ್ಯವಾದ ಮಾಹಿತಿಯನ್ನ ಅದರೊಳಗೆ ಅಡಗಿಸುವಂತಿಲ್ಲ. ಮೇಲಿನ ಮಾತು ಯಾವ ಭಾಷೆಯಲ್ಲಿದೆಯೋ ಡಿಸ್‌ಕ್ಲೈಮರ್ ಕೂಡ ಅದೇ ಭಾಷೆಯಲ್ಲಿರಬೇಕು, ಅದೇ ಫಾಂಟಿನಲ್ಲಿರಬೇಕು. ‘ಉಚಿತ’ವನ್ನ ಕನ್ನಡದಲ್ಲಿ ಕೂಗಿ, ‘ಇಲ್ಲ’ವನ್ನ ಇಂಗ್ಲಿಷಿನಲ್ಲಿ ಗೊಣಗಿದ್ದೆ ನಾನು. ಎಲ್ಲ ತಪ್ಪನ್ನೂ ಒಂದೇ ಪೋಸ್ಟಿನಲ್ಲಿ ಮಾಡಿ ಮುಗಿಸಿದ್ದೆ. ಇಂಥ ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. ಒಂದು ಕಾಫಿಪುಡಿ ಅಂಗಡಿಯ ಹಿಂದೆ ಯಾರೂ ಬೀಳಲ್ಲ ಅನ್ನೋದು ಬೇರೆ ಮಾತು. ಆಂಟಿಯ ಕಾಲು ಕೆಜಿಯಂತೂ ಹೋಗಿತ್ತು.

ಸಂಕ್ರಾಂತಿಗೆ ಅದೇ ಆಫರ್ ಮತ್ತೆ ಬಂತು. ಈ ಸಲ ಷರತ್ತುಗಳನ್ನ ನಾನೇ ಬರೀತೀನಿ ಅಂತ ಅಂಗಡಿಯ ಮೇಡಂಗೆ ಹೇಳಿದೆ. ಯಜಮಾನರ ಮಗಳು ಅವರು, ಮಾರ್ಕೆಟಿಂಗ್ ಅವರದೇ ಜವಾಬ್ದಾರಿ. ‘ವಕೀಲರು ಒಪ್ತಾರಾ?’ ಅಂದರು. ಕೇಳೋಣ ಅಂದೆ.

ಮೊದಲು 19 ಷರತ್ತುಗಳನ್ನೂ ಒಂದೊಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದೆ. ಅನುವಾದ ಮಾಡಲಿಲ್ಲ. ಪ್ರತಿಯೊಂದನ್ನೂ ಕೌಂಟರಿನ ಹುಡುಗ ಗಿರಾಕಿಗೆ ಹೇಗೆ ಹೇಳ್ತಾನೋ ಹಾಗೆ ಬರೆದೆ. ಇದೊಂದರಿಂದಲೇ ಅರ್ಧ ಕೆಲಸ ಆಗುತ್ತೆ, ಯಾಕಂದ್ರೆ ಕೆಲವು ಷರತ್ತುಗಳನ್ನ ಬಾಯಲ್ಲಿ ಹೇಳೋಕೇ ಆಗಲ್ಲ. ‘ಈ ಕೊಡುಗೆಯಲ್ಲಿ ಪಾಲ್ಗೊಳ್ಳುವ ಮೂಲಕ ಗ್ರಾಹಕರು ಎಲ್ಲ ಷರತ್ತುಗಳನ್ನು ಓದಿ ಒಪ್ಪಿರುವುದಾಗಿ ಭಾವಿಸಲಾಗುವುದು’ ಅನ್ನೋದನ್ನ ಆ ಹುಡುಗ ಯಾರಿಗೆ ಹೇಳಬೇಕು? ‘ಸಂಸ್ಥೆಯ ತೀರ್ಮಾನವೇ ಅಂತಿಮ’, ‘ಮುನ್ಸೂಚನೆಯಿಲ್ಲದೆ ಕೊಡುಗೆಯನ್ನು ಬದಲಿಸುವ ಹಕ್ಕು ಸಂಸ್ಥೆಗಿದೆ’, ‘ಚಿತ್ರಗಳು ಕೇವಲ ನಿದರ್ಶನಕ್ಕಾಗಿ’. ಇಂಥವು ನಾಲ್ಕು ಸಿಕ್ಕವು. ಇವು ಆಫರಿನ ಬಗ್ಗೆ ಏನನ್ನೂ ಹೇಳಲ್ಲ. ಬದಲಿಸುವ ಹಕ್ಕಿನ ಸಾಲಂತೂ, ಮೇಲೆ ಹೇಳಿದ್ದನ್ನ ನಂಬಬೇಡಿ ಅಂತ ನಾವೇ ಬರೆದುಕೊಟ್ಟ ಹಾಗೆ. ನಾಲ್ಕನ್ನೂ ಕಸಕ್ಕೆ ಹಾಕಿದೆ.

ಉಳಿದ 15 ಚೀಟಿಗಳಿಗೆ ಎರಡು ಪ್ರಶ್ನೆ ಕೇಳಿದೆ. ಇದು ಗೊತ್ತಿದ್ದರೆ ಒಬ್ಬರು ಮನೆಯಿಂದ ಹೊರಡೋ ಮೊದಲು ಮನಸ್ಸು ಬದಲಿಸ್ತಾರಾ? ಬದಲಿಸ್ತಾರೆ ಅಂದ್ರೆ ಅದು ಕ್ಯಾಪ್ಷನ್ನಿನ ನೆತ್ತಿಯ ಮೇಲಿರಬೇಕು. ಇದು ಗೊತ್ತಿಲ್ಲದಿದ್ದರೆ ಕೌಂಟರಿನಲ್ಲಿ ಜಗಳ ಆಗುತ್ತಾ? ಆಗುತ್ತೆ ಅಂದ್ರೆ ಅದು ಕ್ಯಾಪ್ಷನ್ನಿನ ಒಳಗಿರಬೇಕು. ಎರಡಕ್ಕೂ ಇಲ್ಲ ಅಂತ ಬಂದರೆ ಅದು ಬೇರೆ ಕಡೆ ಇರಲಿ. ಅಂಗಡಿಯ ಸಿಬ್ಬಂದಿಗೆ ಆಫರ್ ಇಲ್ಲ, ಉಚಿತ ಪುಡಿಯ ಬದಲು ನಗದು ಕೊಡಲ್ಲ, ವ್ಯಾಜ್ಯ ಬಂದರೆ ಬೆಂಗಳೂರಿನ ನ್ಯಾಯಾಲಯ ಅನ್ನುವಂಥ ಐದು ಚೀಟಿ ಹೀಗೆ ಬದಿಗೆ ಬಂದವು. ಅವು ವೆಬ್‌ಸೈಟಿನ ಒಂದು ಪುಟಕ್ಕೂ, ಕೌಂಟರಿನಲ್ಲಿ ಅಂಟಿಸುವ ಹಾಳೆಗೂ ಹೋದವು. ಅಂದಹಾಗೆ, ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ನಿನಲ್ಲಿ ಲಿಂಕ್ ಹಾಕಿದರೆ ಅದನ್ನ ಒತ್ತಿದರೂ ತೆರೆಯಲ್ಲ. ಉದ್ದನೆಯ ವಿಳಾಸವನ್ನ ಯಾರೂ ಟೈಪ್ ಮಾಡಲ್ಲ. ಅದಕ್ಕೇ ಪೂರ್ತಿ ನಿಯಮ ನಮ್ಮ ಬಯೋದ ಲಿಂಕಿನಲ್ಲಿದೆ ಅಂತ ಬರೆಯೋದು ವಾಸಿ. ಹಾಗೆ ಬರೆಯೋದು ಎರಡೂ ಪ್ರಶ್ನೆಗೆ ಇಲ್ಲ ಅಂತ ಬಂದ ಷರತ್ತುಗಳಿಗೆ ಮಾತ್ರ. ಮುಖ್ಯವಾದದ್ದನ್ನ ಅಲ್ಲಿಗೆ ಕಳಿಸಿದರೆ ಅದು ಹನ್ನೊಂದನೇ ಸಾಲಿಗಿಂತ ಇನ್ನೂ ಆಳದ ಬಾವಿ.

ಈಗ ಕೈಯಲ್ಲಿ ಹತ್ತು ಚೀಟಿ. ಹತ್ತು ಕೂಡ ಜಾಸ್ತಿಯೇ. ಇಲ್ಲಿಂದ ಮುಂದೆ ವಾಕ್ಯವನ್ನ ಎಷ್ಟು ಚಿಕ್ಕದು ಮಾಡಿದರೂ ಪ್ರಯೋಜನ ಇಲ್ಲ, ಆಫರನ್ನೇ ಮುಟ್ಟಬೇಕು. ನಾನು ಮೊದಲೆಲ್ಲ ಇದು ನನ್ನ ಕೆಲಸ ಅಲ್ಲ ಅಂದುಕೊಂಡಿದ್ದೆ. ಬರೆಯೋಳು ಬರೀಬೇಕು, ಮಾರೋರು ಮಾರಬೇಕು. ಆದರೆ ಒಂದು ಷರತ್ತು ಯಾಕಿದೆ ಅಂತ ಕೇಳೋ ಹಕ್ಕಾದರೂ ಬರೆಯೋಳಿಗೆ ಇರಬೇಕಲ್ಲ.

‘ಚಿಕೋರಿ ಹಾಕಿದ್ದಕ್ಕೆ ಯಾಕೆ ಕೊಡಲ್ಲ ಮೇಡಂ?’ ಅಂತ ಕೇಳಿದೆ. ಲಾಭ ಕಮ್ಮಿ ಇರಬೇಕು, ಅಥವಾ ವಕೀಲರು ಏನೋ ಹೇಳಿರಬೇಕು ಅಂದುಕೊಂಡಿದ್ದೆ. ಅವರು ಸ್ವಲ್ಪ ಯೋಚಿಸಿ, ಅಂಗಡಿಯ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದರು. ಕಾರಣ ಬಿಲ್ಲಿಂಗ್ ಮೆಷಿನ್. ಪ್ಯೂರ್ ಕಾಫಿ ಮೊದಲೇ ಪ್ಯಾಕ್ ಆಗಿ ಬರುತ್ತೆ, ಬಾರ್‌ಕೋಡ್ ಇರುತ್ತೆ. ಮಿಶ್ರಣ ಹಾಗಲ್ಲ, ಗಿರಾಕಿ ಹೇಳಿದ ಅಳತೆಗೆ ಕೌಂಟರಿನಲ್ಲೇ ಬೆರೆಸಿ ತೂಕದ ಲೆಕ್ಕದಲ್ಲಿ ಬಿಲ್ ಮಾಡ್ತಾರೆ, ಅದಕ್ಕೆ ಆಫರ್ ಕೋಡ್ ಹಾಕಿರಲಿಲ್ಲ. ಅಷ್ಟೇ! ಎಂದೋ ಯಾರೋ ಸಾಫ್ಟ್‌ವೇರಿನಲ್ಲಿ ಆಗಲ್ಲ ಅಂದಿದ್ದು ಷರತ್ತಾಗಿ, ವಕೀಲರ ಇಂಗ್ಲಿಷಾಗಿ, ಕೊನೆಗೆ ಎರಡು ಬಸ್ ಬದಲಿಸಿ ಬಂದವರ ಮುಂದೆ ನಿಂತಿತ್ತು. ಬಿಲ್ಲಿಂಗಿನವರನ್ನ ಕರೆಸಿ ಒಂದು ಕೋಡ್ ಸೇರಿಸಿದರು. ಒಂದು ಚೀಟಿ ಹರಿದೆ.

ಎರಡನೆಯದು ‘ದಾಸ್ತಾನು ಇರುವವರೆಗೆ ಮಾತ್ರ’. ಇದು ನಾವೆಲ್ಲ ಕಣ್ಣುಮುಚ್ಚಿ ಹಾಕೋ ಸಾಲು. ಓದಿದವರಿಗೆ ಇದರಿಂದ ಏನು ಗೊತ್ತಾಗುತ್ತೆ ಹೇಳಿ? ಸಾಯಂಕಾಲ ಆರಕ್ಕೆ ಮನೆಯಿಂದ ಹೊರಡೋರು ದಾಸ್ತಾನು ಇದೆಯೋ ಇಲ್ಲವೋ ಅಂತ ಹೇಗೆ ತಿಳಿದುಕೊಳ್ಳಬೇಕು? ಮೇಲೆ ಹೇಳಿದ ಮಾರ್ಗಸೂಚಿಯಲ್ಲಿ ಇದಕ್ಕೂ ಮಾತಿದೆ: ಜಾಹೀರಾತು ಕೊಟ್ಟ ಬೆಲೆಗೆ ಸಾಮಾನು ಕೊಡುವ ಸಾಧ್ಯತೆಯೇ ಇಲ್ಲದೆ ಜನರನ್ನ ಸೆಳೆಯುವಂತಿಲ್ಲ, ಜಾಹೀರಾತಿನಿಂದ ಬರಬಹುದಾದ ಬೇಡಿಕೆಗೆ ತಕ್ಕಷ್ಟು ಮಾಲು ಇರಬೇಕು. ಹಾಗಾಗಿ ಲೆಕ್ಕ ಹಾಕಿದೆವು. ಹಿಂದಿನ ಸಂಕ್ರಾಂತಿಯ ವಾರ ಒಂದು ಕೆಜಿ ಅಥವಾ ಹೆಚ್ಚು ಕೊಂಡ ಬಿಲ್ಲುಗಳು ಯಾವ ಅಂಗಡಿಯಲ್ಲೂ ದಿನಕ್ಕೆ 25 ದಾಟಿರಲಿಲ್ಲ. ಆರು ದಿನ, ಮೂರು ಅಂಗಡಿ, ಅಂದರೆ ಹೆಚ್ಚೆಂದರೆ 450 ಬಿಲ್. ಮೇಡಂ ಉಚಿತಕ್ಕೆ ಅಂತ ಇಟ್ಟಿದ್ದು 150 ಕೆಜಿ, ಅಂದರೆ 600 ಕಾಲು ಕೆಜಿಗಳು. ಆಫರ್ ಇದ್ದಾಗ ಜನ ಹೆಚ್ಚುತ್ತಾರೆ ಅಂತ ಅವರೇ ಅದನ್ನ 200 ಕೆಜಿಗೆ ಏರಿಸಿದರು. ಆಗ 800 ಆಯಿತು. ‘ಅಷ್ಟೂ ಖಾಲಿ ಆದ್ರೆ ಅಪ್ಪ ಖುಷೀಲಿ ಇನ್ನೊಂದು ಚೀಲ ಹುರೀತಾರೆ ಬಿಡಿ’ ಅಂದರು. ಆ ಚೀಟಿಯೂ ಹರಿಯಿತು. ತಾರೀಖೇ ಗಡಿ.

ಮೂರನೆಯದನ್ನ ಹರಿದದ್ದು ನಮ್ಮಮ್ಮ.

ಕರಡು ಸಿದ್ಧವಾದ ಮೇಲೆ ನಾನೊಂದು ಪರೀಕ್ಷೆ ಮಾಡ್ತೀನಿ. ತಿಪಟೂರಿನಲ್ಲಿರುವ ಅಮ್ಮನಿಗೆ ಫೋನ್ ಹಚ್ಚಿ, ಕ್ಯಾಪ್ಷನ್ನನ್ನ ಒಂದೇ ಸಲ ಓದಿ ಹೇಳ್ತೀನಿ. ಎರಡನೇ ಸಲ ಓದಲ್ಲ. ಆಮೇಲೆ ಕೇಳ್ತೀನಿ: ಏನು ಸಿಗುತ್ತೆ, ಯಾವಾಗ, ಎಲ್ಲಿ, ನೀನು ಏನು ಮಾಡ್ತೀಯ? ಅರ್ಥ ಆಯ್ತಾ ಅಂತ ಮಾತ್ರ ಕೇಳಬಾರದು. ಅರ್ಥ ಆಯ್ತಾ ಅಂದ್ರೆ ಎಲ್ಲರೂ ಹೂಂ ಅಂತಾರೆ. ಏನು ಮಾಡ್ತೀಯ ಅಂದಾಗ ಗೊತ್ತಾಗುತ್ತೆ ಕೇಳಿಸಿಕೊಂಡದ್ದು ಏನು ಅಂತ.

ಕರಡಿನಲ್ಲಿ ‘ಒಂದು ಬಿಲ್ಲಿಗೆ ಒಂದು ಸಲ ಮಾತ್ರ’ ಅಂತಿತ್ತು. ಎರಡು ಕೆಜಿ ಕೊಂಡರೂ ಕಾಲು ಕೆಜಿಯೇ ಅನ್ನೋದು ಅದರ ಅರ್ಥ.

‘ನಾನಾ? ನಾನು ಎರಡು ಕೆಜಿ ತಗೋತೀನಿ, ನಿಮ್ಮ ದೊಡ್ಡಮ್ಮನಿಗೂ ಬೇಕಲ್ಲ. ಎರಡು ಬಿಲ್ ಮಾಡಿಸ್ತೀನಿ.’

‘ಎರಡು ಬಿಲ್ಲಾ?’

‘ಒಂದು ಬಿಲ್ಲಿಗೆ ಒಂದು ಅಂದೆಯಲ್ಲೇ. ಎರಡು ಮಾಡಿಸಿದ್ರೆ ಬೇಡ ಅಂತಾರಾ?’

ಬೇಡ ಅನ್ನೋ ಹಾಗಿರಲಿಲ್ಲ. ಮೇಡಂಗೆ ಹೇಳಿದಾಗ ಜೋರಾಗಿ ನಕ್ಕುಬಿಟ್ಟರು. ಆ ಷರತ್ತು ಇದ್ದದ್ದು ಹೋಟೆಲಿನವರು, ಮೆಸ್ಸಿನವರು ಬಂದು ಐವತ್ತು ಕೆಜಿ ಕೊಂಡು ಹನ್ನೆರಡೂವರೆ ಕೆಜಿ ಉಚಿತ ಕೇಳಬಾರದು ಅಂತ. ಮನೆಗೆ ಕೊಳ್ಳೋರನ್ನ ತಡೆಯೋಕೆ ಅಲ್ಲ. ಹಾಗಾದರೆ ಅದನ್ನೇ ನೇರವಾಗಿ ಹೇಳಬಹುದಲ್ಲ: ಪ್ರತಿ ಕೆಜಿಗೂ ಕಾಲು ಕೆಜಿ, ಒಬ್ಬರಿಗೆ ನಾಲ್ಕು ಕೆಜಿವರೆಗೆ. ಅಮ್ಮನಿಗೂ ಆಯಿತು, ದೊಡ್ಡಮ್ಮನಿಗೂ ಆಯಿತು, ಮೆಸ್ಸಿನವರಿಗೆ ಎಷ್ಟು ಅನ್ನೋದೂ ಗೊತ್ತಾಯಿತು. ಫೋನ್ ಇಡೋ ಮೊದಲು ಅಮ್ಮ ಇನ್ನೊಂದು ಕೇಳಿದಳು, ‘ಅರ್ಧ ಕೆಜಿ ತಗೊಂಡ್ರೆ ಅದರ ಅರ್ಧ ಕೊಡ್ತಾರಾ?’ 19 ಷರತ್ತುಗಳಲ್ಲಿ ಇದು ಎಲ್ಲೂ ಇರಲಿಲ್ಲ. ಕೌಂಟರಿಗೆ ಬಂದವರು ಮೊದಲು ಕೇಳೋದೇ ಇದು ಅಂತ ಹುಡುಗ ಆಮೇಲೆ ಹೇಳಿದ. ಸೇರಿಸಿದೆ.

ಇನ್ನು ಜಾಗದ ಮಾತು. ಫೀಡಿನಲ್ಲಿ ಕ್ಯಾಪ್ಷನ್ನಿನ ಮೊದಲ ಸುಮಾರು 125 ಅಕ್ಷರ ಮಾತ್ರ ಕಾಣುತ್ತೆ, ಮಿಕ್ಕದ್ದು ‘ಮೋರ್’ ಹಿಂದೆ ಹೋಗುತ್ತೆ. ಈ ಲೆಕ್ಕ ಇಂಗ್ಲಿಷಿನಲ್ಲಿ ಬರೆಯೋರಿಗೆ ಆರಾಮ. ಕನ್ನಡದಲ್ಲಿ ಒಂದು ಕಷ್ಟ ಇದೆ, ಬಹಳ ಜನ ಗಮನಿಸಿರಲ್ಲ. ಕಂಪ್ಯೂಟರ್ ನಮ್ಮ ಒತ್ತು, ಕೊಂಬು, ಗುಣಿಸು, ಸೊನ್ನೆ ಎಲ್ಲವನ್ನೂ ಬೇರೆ ಬೇರೆ ಅಕ್ಷರ ಅಂತ ಎಣಿಸುತ್ತೆ. ‘ಸಂಕ್ರಾಂತಿ’ ನಮ್ಮ ಬಾಯಿಗೆ ಮೂರು ಅಕ್ಷರ, ಅದರ ಲೆಕ್ಕಕ್ಕೆ ಒಂಬತ್ತು. ‘ಸ್ತ್ರೀ’ ನಮಗೆ ಒಂದು, ಅದಕ್ಕೆ ಆರು. ಹೀಗಾಗಿ 125 ಅಂದರೆ ನಮಗೆ ಸಿಗೋದು ಹದಿನೈದು, ಹದಿನಾರು ಪದ ಅಷ್ಟೆ. ಡಿಕಾಕ್ಷನ್ ಘಮಕ್ಕೆ ಅಲ್ಲಿ ಜಾಗ ಇಲ್ಲ. ನನಗೆ ಬೇಜಾರಾಯಿತು, ಸುಳ್ಳು ಹೇಳಲ್ಲ. ಆ ಸಾಲು ನನಗೆ ಇಷ್ಟ. ಅದನ್ನ ಚಿತ್ರದ ಮೇಲೆ ಹಾಕಿಸಿದೆ.

ಕೊನೆಗೆ ಹೋದ ಕ್ಯಾಪ್ಷನ್ನಿನ ತಲೆ ಇದು:

‘1 ಕೆಜಿ ಕಾಫಿಪುಡಿ ಕೊಂಡರೆ ಕಾಲು ಕೆಜಿ ಉಚಿತ. ಜನವರಿ 10ರಿಂದ 15ರವರೆಗೆ, ನಮ್ಮ ಮೂರು ಅಂಗಡಿಗಳಲ್ಲಿ ಮಾತ್ರ. ಚಿಕೋರಿ ಬೆರೆಸಿದ ಪುಡಿಗೂ ಇದೆ.’

ಖಾಲಿ ಜಾಗ, ಚುಕ್ಕಿ ಎಲ್ಲ ಸೇರಿ 117. ಏನು, ಯಾವಾಗ, ಎಲ್ಲಿ ಅನ್ನೋದು ‘ಮೋರ್’ ಒತ್ತದೇ ಇದ್ದರೂ ಸಿಗುತ್ತೆ. ನಕ್ಷತ್ರ ಚಿಹ್ನೆ ಇಲ್ಲ. ಅದು ಕಾಗದದ ಮೇಲೆ ಕೆಲಸ ಮಾಡುತ್ತೆ, ಯಾಕಂದ್ರೆ ಕಣ್ಣು ಅದೇ ಹಾಳೆಯ ಕೆಳಗೆ ಹೋಗುತ್ತೆ. ಫೋನಿನಲ್ಲಿ ಕೆಳಗೆ ಅನ್ನೋದು ಮುಚ್ಚಿಹೋಗಿರುತ್ತೆ. ‘ಮೋರ್’ ಒತ್ತಿದವರಿಗೆ ಇದು:

‘ಪ್ರತಿ ಕೆಜಿಗೂ ಕಾಲು ಕೆಜಿ. ಒಬ್ಬರಿಗೆ 4 ಕೆಜಿವರೆಗೆ.
ಅರ್ಧ ಕೆಜಿಗೆ ಈ ಆಫರ್ ಇಲ್ಲ.
ಯಾವ ಪುಡಿ ಕೊಳ್ಳುತ್ತೀರೋ ಅದನ್ನೇ ಉಚಿತವಾಗಿ ಕೊಡುತ್ತೇವೆ.
ಆನ್‌ಲೈನ್ ಆರ್ಡರಿಗೆ ಇಲ್ಲ.
ಬೇರೆ ರಿಯಾಯಿತಿ ಜೊತೆ ಸೇರಿಸುವುದಿಲ್ಲ.
ಪುಡಿ ಮಾಡಿದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ.
ಪೂರ್ತಿ ನಿಯಮ: ಬಯೋದಲ್ಲಿರುವ ಲಿಂಕ್, ಅಥವಾ ಅಂಗಡಿಯಲ್ಲಿ ಕೇಳಿ.’

ಅದರ ಕೆಳಗೆ ಮೂರು ಅಂಗಡಿಗಳ ವಿಳಾಸ. ಹ್ಯಾಷ್‌ಟ್ಯಾಗ್ ಎಲ್ಲಕ್ಕಿಂತ ಕೊನೆಗೆ, ಅದೂ ಮೂರೇ. ಒಂದು ಸಾಲಿಗೆ ಒಂದೇ ಷರತ್ತು ಅಂತ ಇಟ್ಟುಕೊಂಡಿದ್ದೆ. ‘ಅಲ್ಲದೆ’, ‘ಹೊರತುಪಡಿಸಿ’, ‘ಅನ್ವಯವಾಗತಕ್ಕದ್ದಲ್ಲ’ ಬಂದಾಗಲೆಲ್ಲ ಸಾಲನ್ನ ಎರಡು ಮಾಡಿದೆ, ಇಲ್ಲಾಂದ್ರೆ ‘ಇಲ್ಲ’ ಅಂತ ಬರೆದೆ. ಕನ್ನಡದಲ್ಲಿ ‘ಇಲ್ಲ’ದಂಥ ಒಳ್ಳೆ ಪದ ಇರುವಾಗ ‘ಅನ್ವಯಿಸುವುದಿಲ್ಲ’ ಯಾಕೆ ಬೇಕು?

ವಕೀಲರ ಹತ್ತಿರ ಹೋದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಹಳಬರು, ಯಜಮಾನರ ಸ್ನೇಹಿತರು. ಪ್ರಿಂಟ್ ತೆಗೆದ ಹಾಳೆ ಎರಡು ಸಲ ಓದಿದರು. ‘ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದ್ರೆ, ಪುಡಿ ಕೆಟ್ಟಿದ್ರೂ ತಗೊಳಲ್ವಾ?’ ಅಂತ ಕೇಳಿದರು. ಕೆಟ್ಟಿದ್ದರೆ ತಗೊಳ್ಳಲೇಬೇಕು, ಅದನ್ನ ಷರತ್ತು ಹಾಕಿ ತಪ್ಪಿಸಿಕೊಳ್ಳೋಕಾಗಲ್ಲ ಅಂದರು. ಆ ಸಾಲು ‘ಪುಡಿ ಕೆಟ್ಟಿದ್ದರೆ ಬಿಟ್ಟು, ಪುಡಿ ಮಾಡಿದ ಮೇಲೆ ವಾಪಸ್ ಇಲ್ಲ’ ಅಂತಾಯಿತು. ಮುಂಚಿನ 19ರಲ್ಲಿ ಇದು ಯಾಕಿರಲಿಲ್ಲ ಸರ್ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅವರೇ ಹೇಳಿದರು: ‘ಅದು ನಾನು ಬರೆದದ್ದಲ್ಲಮ್ಮ. ಯಾವುದೋ ಮೊಬೈಲ್ ಕಂಪನಿಯ ಆಫರ್‌ದು. ಇವರು ಅರ್ಜೆಂಟ್ ಅಂದ್ರು, ಹೆಸರು ಬದಲಾಯಿಸಿ ಕಳಿಸ್ದೆ.’

ಇದೆಲ್ಲ ಕಾಲು ಕೆಜಿ ಪುಡಿಯ ಮಾತು. ಲಕ್ಕಿ ಡ್ರಾ, ಸ್ಪರ್ಧೆ ಅಂತ ಬಂದರೆ ಇಷ್ಟಕ್ಕೆ ಮುಗಿಯಲ್ಲ. ಅದೃಷ್ಟದ ಮೇಲೆ ಬಹುಮಾನ ಹಂಚೋಕೆ ಬೇರೆಯೇ ಕಾನೂನುಗಳಿವೆ, ಅಲ್ಲಿ ಬರೆಯೋ ಮೊದಲು ಆ ವಕೀಲರನ್ನ ನಿಜವಾಗಿ ಕೂರಿಸಬೇಕು. ಇನ್‌ಸ್ಟಾಗ್ರಾಮ್ ಕೂಡ ತನಗೂ ಈ ಸ್ಪರ್ಧೆಗೂ ಸಂಬಂಧ ಇಲ್ಲ ಅಂತ ಬರೆಯಲೇಬೇಕು ಅನ್ನುತ್ತೆ. ಬಹುಮಾನದ ಯೋಜನೆ ಮುಗಿದ ಮೇಲೆ ಗೆದ್ದವರು ಯಾರು ಅಂತ ಪಾಲ್ಗೊಂಡವರಿಗೆ ತಿಳಿಸದೇ ಇರೋದನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಕರೆಯುತ್ತೆ. ಫಲಿತಾಂಶ ಯಾವತ್ತು, ಎಲ್ಲಿ ಅನ್ನೋ ಸಾಲು ಹಾಗಾಗಿ ಬೇಕೇ ಬೇಕು. ಆದರೂ ಚೀಟಿ ಬರೆದು ಎರಡು ಪ್ರಶ್ನೆ ಕೇಳೋದು ಅಲ್ಲೂ ನಡೆಯುತ್ತೆ, ಉಳಿಯುವ ಚೀಟಿ ಸ್ವಲ್ಪ ಹೆಚ್ಚಿರುತ್ತವೆ ಅಷ್ಟೆ. ಕೆಲವು ಆಫರುಗಳಂತೂ ಯಾರು ಬರೆದರೂ ಚಿಕ್ಕದಾಗಲ್ಲ. ಕ್ರೆಡಿಟ್ ಕಾರ್ಡಿನ ಕ್ಯಾಶ್‌ಬ್ಯಾಕ್ ಒಂದನ್ನ ಬರೆಯೋಕೆ ಹೋಗಿ ಎರಡು ದಿನ ಒದ್ದಾಡಿ ವಾಪಸ್ ಕೊಟ್ಟಿದ್ದೇನೆ. ಅದರ ಆಫರೇ ಷರತ್ತುಗಳಿಂದ ಮಾಡಿದ್ದು, ಷರತ್ತು ತೆಗೆದರೆ ಒಳಗೆ ಏನೂ ಉಳಿಯುತ್ತಿರಲಿಲ್ಲ.

ಪೋಸ್ಟ್ ಹಾಕಿದ ಮೇಲೆ ಒಂದು ಮಾತು ಮೇಡಂ ಹತ್ತಿರ ಬರೆಸಿಕೊಂಡಿದ್ದೆ: ಮಧ್ಯದಲ್ಲಿ ಕ್ಯಾಪ್ಷನ್ ತಿದ್ದಿ ಷರತ್ತು ಬಿಗಿ ಮಾಡಬಾರದು. ಜನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಫ್ಯಾಮಿಲಿ ಗ್ರೂಪಿಗೆ ಹಾಕಿರ್ತಾರೆ. ಅಲ್ಲಿಂದ ಬಂದವರಿಗೆ ಹಳೇ ಕ್ಯಾಪ್ಷನ್ನೇ ಸತ್ಯ. ತಿದ್ದಬೇಕಾದರೆ ಸಡಿಲ ಮಾಡೋಕೆ ಮಾತ್ರ ತಿದ್ದಬಹುದು. ಕೌಂಟರಿನ ಹುಡುಗರಿಗೂ ಅದೇ ಕ್ಯಾಪ್ಷನ್ನಿನ ಪ್ರಿಂಟ್ ಕೊಟ್ಟೆವು, ಬಿಲ್ಲಿಂಗ್ ಮೆಷಿನ್ ಪಕ್ಕ ಅಂಟಿಸಿಕೊಂಡರು. ಗಿರಾಕಿ ಓದಿದ್ದೂ ಅವರು ಹೇಳೋದೂ ಬೇರೆ ಆಗಬಾರದಲ್ಲ.

ಆರು ದಿನ ನಡೆಯಿತು. ಚಿಕೋರಿ ಬಗ್ಗೆ ಒಂದು ತಕರಾರೂ ಬರಲಿಲ್ಲ. ಆನ್‌ಲೈನಿನಲ್ಲಿ ಯಾಕಿಲ್ಲ ಅಂತ ಮೈಸೂರಿನಿಂದ ಒಬ್ಬರು ಕೇಳಿದ್ದರು, ಅವರಿಗೆ ಬೇಜಾರಾಗಿತ್ತು, ಆದರೆ ಮೋಸ ಹೋದೆ ಅಂತ ಅನ್ನಲಿಲ್ಲ. ಎರಡು ಬಸ್ಸಿನ ಆಂಟಿ ಬಂದರೋ ಇಲ್ಲವೋ ಗೊತ್ತಿಲ್ಲ. ಹುಡುಗನನ್ನ ಕೇಳಿದೆ, ‘ದಿನಕ್ಕೆ ಅಂಥೋರು ಎಷ್ಟು ಜನ ಬರ್ತಾರೆ ಮೇಡಂ, ಹೆಂಗೆ ನೆನಪಿರುತ್ತೆ’ ಅಂದ.

15ನೇ ತಾರೀಖು ರಾತ್ರಿ ಎಂಟೂ ಹತ್ತಕ್ಕೆ ಮಾತ್ರ ಒಬ್ಬರು ಅರ್ಧ ಇಳಿಸಿದ ಷಟರ್ ಕೆಳಗೆ ಬಗ್ಗಿ ನಿಂತಿದ್ದರಂತೆ. ‘15ರವರೆಗೆ ಅಂತಿದೆ, ಇವತ್ತು 15 ಅಲ್ವಾ? ಹನ್ನೆರಡು ಗಂಟೆವರೆಗೂ 15ನೇ.’ ಅಂಗಡಿ ಎಂಟಕ್ಕೆ ಮುಚ್ಚುತ್ತೆ ಅಂತ ನಾನು ಎಲ್ಲೂ ಬರೆದಿರಲಿಲ್ಲ. ಹುಡುಗ ಮೆಷಿನ್ ಮತ್ತೆ ಆನ್ ಮಾಡಿ ಬಿಲ್ ಹಾಕಿಕೊಟ್ಟ.

ಯುಗಾದಿಯ ಕ್ಯಾಪ್ಷನ್ ನಿನ್ನೆ ಬರೆದೆ. ‘ಮಾರ್ಚ್ 14ರಿಂದ 19ರ ರಾತ್ರಿ 8ರವರೆಗೆ’ ಅಂತ ಸೇರಿಸಿದಾಗ ಒಟ್ಟು 128 ಆಯಿತು. ‘ನಮ್ಮ ಮೂರು ಅಂಗಡಿಗಳಲ್ಲಿ’ ಅನ್ನೋದರಿಂದ ‘ನಮ್ಮ’ ತೆಗೆದೆ. ಈಗ 123. ಅಮ್ಮನಿಗೆ ಇನ್ನೂ ಓದಿ ಹೇಳಿಲ್ಲ.